ತುಳಸಿ ಹಬ್ಬ ಯಾವತ್ತು? ದ್ವಾದಶಿಯನ್ನಷ್ಟೇ ನೋಡಿದರೆ ಸಾಲದು, ಪಾರಣೆಯ ದಿನವನ್ನೂ ನೋಡಬೇಕು

2025ರ ನವೆಂಬರ್ 1, ಶನಿವಾರ. ನಮ್ಮ ಮನೆಯಲ್ಲಿ ಅಮ್ಮ ಏಕಾದಶಿ ಉಪವಾಸ ಇದ್ದರು. ಎದುರು ಮನೆಯ ಅಜ್ಜಿ ಅದೇ ಹೊತ್ತಿಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಅಮ್ಮ ಕಾಂಪೌಂಡ್ ಹತ್ತಿರ ನಿಂತು ಕೇಳಿದರು, "ಏನ್ರೀ, ಇವತ್ತು ಉತ್ಥಾನ ಏಕಾದಶಿ ಅಲ್ವಾ?" ಅಜ್ಜಿ ಒಳಗಿಂದಲೇ ಹೇಳಿದರು, "ನಮಗೆ ನಾಳೆ ಕಣಮ್ಮಾ. ಇವತ್ತು ದಶಮಿ ಇನ್ನೂ ಇದೆ."

ಇಬ್ಬರೂ ಪಂಚಾಂಗ ನೋಡಿಯೇ ಹೇಳಿದ್ದರು. ಇಬ್ಬರದೂ ಸರಿ. ಆದರೆ ಏಕಾದಶಿ ಒಂದು ದಿನ ಹಿಂದೆ ಮುಂದೆ ಆದರೆ ಅದರ ಜೊತೆಗೆ ಇನ್ನೂ ಎರಡು ವಿಷಯ ಅಲ್ಲಾಡುತ್ತವೆ. ಚಾತುರ್ಮಾಸ್ಯ ಮುಗಿಯೋದು ಯಾವತ್ತು, ತುಳಸಿ ಹಬ್ಬ ಯಾವತ್ತು? ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಮನೆಮನೆಯ ವಾಟ್ಸಾಪ್ ಗುಂಪುಗಳಲ್ಲಿ ಇದೇ ಪ್ರಶ್ನೆ. ಉತ್ತರ ಕೊಡುವವರು ಒಂದು ತಾರೀಖು ಹೇಳುತ್ತಾರೆ. ಆ ತಾರೀಖು ಎಲ್ಲಿಂದ ಬಂತು ಅನ್ನೋದನ್ನು ಹೇಳುವವರು ಕಡಿಮೆ.

ಮೊದಲು ತಿಂಗಳು ಹುಟ್ಟುವ ಬಗೆ ನೋಡೋಣ.

ನಮ್ಮ ಕರ್ನಾಟಕದಲ್ಲಿ ಚಾಂದ್ರಮಾಸ ಅಮಾವಾಸ್ಯೆಗೆ ಮುಗಿಯುತ್ತದೆ. ಆಶ್ವಯುಜದ ಅಮಾವಾಸ್ಯೆ, ಅಂದರೆ ದೀಪಾವಳಿ ಅಮಾವಾಸ್ಯೆ, ಮುಗಿದ ಮೇಲೆ ಯಾವ ದಿನದ ಸೂರ್ಯೋದಯಕ್ಕೆ ಪಾಡ್ಯ ಸಿಗುತ್ತದೋ ಅದು ಕಾರ್ತಿಕದ ಮೊದಲ ದಿನ. ಅದೇ ಬಲಿಪಾಡ್ಯಮಿ. 2025ರಲ್ಲಿ ಅಮಾವಾಸ್ಯೆ ಅಕ್ಟೋಬರ್ 20ರ ಮಧ್ಯಾಹ್ನ 3:44ಕ್ಕೆ ಶುರುವಾಗಿ 21ರ ಸಂಜೆ 5:54ಕ್ಕೆ ಮುಗಿಯಿತು. ಲಕ್ಷ್ಮೀಪೂಜೆಗೆ ಸಂಜೆ ಹೊತ್ತಿನ ಅಮಾವಾಸ್ಯೆ ಬೇಕು, ಹಾಗಾಗಿ ತುಂಬ ಮನೆಗಳಲ್ಲಿ 20ಕ್ಕೇ ಪೂಜೆ ಆಯಿತು. ಪಾಡ್ಯಕ್ಕೆ ಸೂರ್ಯೋದಯ ಬೇಕು, ಅದು ಸಿಕ್ಕಿದ್ದು 22ಕ್ಕೆ. ನಡುವೆ 21ನೇ ತಾರೀಖು ಮಂಗಳವಾರ ಆ ಮನೆಗಳಿಗೆ ಯಾವ ಹಬ್ಬವೂ ಇಲ್ಲದೆ ಉಳಿದುಹೋಯಿತು. "ದೀಪಾವಳಿ ಮಾರನೇ ದಿನವೇ ಪಾಡ್ಯ ಅಲ್ವಾ" ಅಂತ 21ರಿಂದ ಕಾರ್ತಿಕ ಎಣಿಸಿದವರು ಅಲ್ಲೇ ಒಂದು ದಿನ ತಪ್ಪಿದರು.

ಆ ತಿಂಗಳಿಗೆ ಕಾರ್ತಿಕ ಅನ್ನುವ ಹೆಸರು ಕೊಡುವುದು ಸೂರ್ಯ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ವೃಶ್ಚಿಕ ರಾಶಿಗೆ ಕಾಲಿಟ್ಟರೆ ಆ ತಿಂಗಳು ಕಾರ್ತಿಕ. 2025ರಲ್ಲಿ ವೃಶ್ಚಿಕ ಸಂಕ್ರಮಣ ನವೆಂಬರ್ 16ಕ್ಕೆ ಬಂತು. ಅದು ಅಕ್ಟೋಬರ್ 21 ಮತ್ತು ನವೆಂಬರ್ 20ರ ಅಮಾವಾಸ್ಯೆಗಳ ನಡುವೆ ಇದೆ, ಹಾಗಾಗಿ ಲೆಕ್ಕ ಸರಿಹೋಯಿತು. ತಮಿಳರ ಕಾರ್ತಿಗೈ ಶುರುವಾಗುವುದು ಈ ಸಂಕ್ರಮಣದಿಂದಲೇ. ಆದ್ದರಿಂದ ಅವರ ಕಾರ್ತಿಕ ನಮಗಿಂತ ತಡ. ಉತ್ತರ ಭಾರತದವರಿಗೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಅವರ ಕಾರ್ತಿಕ ನಮಗಿಂತ ಒಂದು ಪಕ್ಷ ಮೊದಲೇ, 2025ರಲ್ಲಿ ಅಕ್ಟೋಬರ್ 8ಕ್ಕೇ ಶುರುವಾಗಿತ್ತು. ಹಿಂದಿ ಕ್ಯಾಲೆಂಡರಿನಲ್ಲಿ ದೀಪಾವಳಿಯನ್ನು ಕಾರ್ತಿಕ ಅಮಾವಾಸ್ಯೆ ಅಂತ ಬರೆದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಕೃಷ್ಣಪಕ್ಷದ ಹೆಸರಷ್ಟೇ ಬೇರೆ. ಶುಕ್ಲಪಕ್ಷ ಇಬ್ಬರಿಗೂ ಒಂದೇ. ತುಳಸಿ ಹಬ್ಬ ಬರುವುದು ಶುಕ್ಲಪಕ್ಷದಲ್ಲಿ, ಆದ್ದರಿಂದ ಈ ವ್ಯತ್ಯಾಸ ಅದನ್ನು ಮುಟ್ಟುವುದೇ ಇಲ್ಲ.

ಕಳೆದ ಕೆಲವು ವರ್ಷಗಳ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. 2023ರಲ್ಲಿ ತುಳಸಿ ಹಬ್ಬ ನವೆಂಬರ್ 24. 2024ರಲ್ಲಿ ನವೆಂಬರ್ 13. 2025ರಲ್ಲಿ ನವೆಂಬರ್ 2. ಪ್ರತಿ ವರ್ಷ ಹನ್ನೊಂದು ದಿನ ಹಿಂದಕ್ಕೆ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ, ವರ್ಷಕ್ಕೆ 365. ಆ ಹನ್ನೊಂದು ದಿನದ ಕೊರತೆ ಇಲ್ಲಿ ಕಾಣುತ್ತಿದೆ. ಹೀಗೇ ಬಿಟ್ಟರೆ ತುಳಸಿ ಹಬ್ಬ ಮಳೆಗಾಲಕ್ಕೆ ಜಾರಿಹೋಗುತ್ತದೆ. ಅದಕ್ಕೇ ಸಂಕ್ರಮಣ ಇಲ್ಲದ ತಿಂಗಳು ಬಂದಾಗ ಅದನ್ನು ಅಧಿಕ ಅಂತ ಕರೆದು, ಮುಂದಿನ ತಿಂಗಳಿಗೆ ಮತ್ತೆ ಅದೇ ಹೆಸರು ಕೊಡುತ್ತಾರೆ. 2026ರಲ್ಲಿ ಅಧಿಕ ಜ್ಯೇಷ್ಠ ಬಿದ್ದದ್ದರಿಂದ ಆ ವರ್ಷದ ತುಳಸಿ ಹಬ್ಬ ಮತ್ತೆ ನವೆಂಬರ್ ಮೂರನೇ ವಾರಕ್ಕೆ ಏರುತ್ತದೆ.

ಚಾತುರ್ಮಾಸ್ಯ ಎಷ್ಟು ದಿನ ಅನ್ನುವುದನ್ನೂ ಇದೇ ಅಧಿಕ ಮಾಸ ತೀರ್ಮಾನಿಸುತ್ತದೆ. 2024 ಮತ್ತು 2025ರಲ್ಲಿ ಆಷಾಢದ ಪ್ರಥಮ ಏಕಾದಶಿಯಿಂದ ಕಾರ್ತಿಕದ ಉತ್ಥಾನ ಏಕಾದಶಿಗೆ 118 ದಿನ. 2023ರಲ್ಲಿ ಜೂನ್ 29ರಿಂದ ನವೆಂಬರ್ 23ರವರೆಗೆ 147 ದಿನ. ಆ ವರ್ಷ ಶ್ರಾವಣವೇ ಎರಡು ಬಂದಿತ್ತು. ಹೆಸರು 'ನಾಲ್ಕು ತಿಂಗಳು', ವ್ರತ ಹಿಡಿದವರು ಕಳೆದದ್ದು ಐದು ತಿಂಗಳು. ಅಧಿಕ ಜ್ಯೇಷ್ಠ ಬರುವುದು ಆಷಾಢಕ್ಕೂ ಮೊದಲು, ಆದ್ದರಿಂದ 2026ರ ಚಾತುರ್ಮಾಸ್ಯಕ್ಕೆ ಅದರಿಂದ ಉದ್ದ ಕೂಡುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಸೆಪ್ಟೆಂಬರಿನಲ್ಲಿ ಪತ್ರಿಕೆಗಳಲ್ಲಿ "ಸ್ವಾಮೀಜಿಯವರ ಚಾತುರ್ಮಾಸ್ಯ ಸಮಾಪ್ತಿ, ಸೀಮೋಲ್ಲಂಘನ" ಅಂತ ಸುದ್ದಿ ಬರುತ್ತದೆ. ಅದನ್ನು ಓದಿ "ಚಾತುರ್ಮಾಸ್ಯ ಮುಗೀತಂತೆ, ಇನ್ನು ಮೊಸರು ತಿನ್ನಬಹುದಾ" ಅಂತ ಕೇಳಿದವರನ್ನು ನಾನು ನೋಡಿದ್ದೇನೆ. ಅದು ಯತಿಗಳ ಲೆಕ್ಕ. ಅವರಿಗೆ ಒಂದು ಪಕ್ಷವೇ ಒಂದು ಮಾಸ. ಆಷಾಢ ಹುಣ್ಣಿಮೆಯ ಆಸುಪಾಸಿನಲ್ಲಿ ಸಂಕಲ್ಪ ಮಾಡಿ ಒಂದೇ ಊರಿನಲ್ಲಿ ನಿಲ್ಲುತ್ತಾರೆ. ನಾಲ್ಕು ಪಕ್ಷ ಕಳೆದು ಭಾದ್ರಪದ ಹುಣ್ಣಿಮೆಗೆ ಏಳುತ್ತಾರೆ. 2025ರಲ್ಲಿ ಆ ಹುಣ್ಣಿಮೆ ಸೆಪ್ಟೆಂಬರ್ 7ಕ್ಕೆ ಬಿತ್ತು. ಮನೆಯವರು ಹಿಡಿಯುವ ವ್ರತ ಬೇರೆ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದು ಮೊಸರಿಲ್ಲ, ಮೂರನೆಯದು ಹಾಲಿಲ್ಲ, ನಾಲ್ಕನೆಯದು ಬೇಳೆ ಇಲ್ಲ. ಅದು ಮುಗಿಯುವುದು ಕಾರ್ತಿಕ ಶುದ್ಧ ದ್ವಾದಶಿಗೇ.

ಈಗ ಅಮ್ಮ ಮತ್ತು ಎದುರು ಮನೆ ಅಜ್ಜಿಯ ಶನಿವಾರಕ್ಕೆ ಬರೋಣ. ವಿಷಯದ ತಿರುಳು ಇರುವುದೇ ಅಲ್ಲಿ.

ತಿಥಿ ಅಂದರೆ ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದ ಅನ್ನುವ ಅಳತೆ. ಹನ್ನೆರಡು ಡಿಗ್ರಿ ಸರಿದರೆ ಒಂದು ತಿಥಿ. ಶುಕ್ಲಪಕ್ಷದಲ್ಲಿ 120ರಿಂದ 132 ಡಿಗ್ರಿಯವರೆಗೆ ಏಕಾದಶಿ, 132ರಿಂದ 144ರವರೆಗೆ ದ್ವಾದಶಿ. ಚಂದ್ರನ ಓಟ ಒಂದೇ ಸಮ ಇರುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ಬೇಗ ಓಡುತ್ತಾನೆ, ದೂರ ಹೋದಾಗ ನಿಧಾನ. ಆ ಅಕ್ಟೋಬರ್ 22ರ ಹೊತ್ತಿಗೆ ಚಂದ್ರ ದೂರದಲ್ಲಿದ್ದ. ಪಾಡ್ಯ ಮುಗಿಯಲು 26 ಗಂಟೆ 22 ನಿಮಿಷ ಹಿಡಿಯಿತು. ನವೆಂಬರ್ 5ರ ಹುಣ್ಣಿಮೆಗೆ ತೀರಾ ಹತ್ತಿರ ಬಂದಿದ್ದ. ಅದಕ್ಕೆ ಮೂರು ದಿನ ಮೊದಲಿನ ದ್ವಾದಶಿ 21 ಗಂಟೆ 36 ನಿಮಿಷಕ್ಕೇ ಮುಗಿದುಹೋಯಿತು.

ತಿಥಿ ದಿನಕ್ಕಿಂತ ಉದ್ದವಾದರೆ ಎರಡು ಸೂರ್ಯೋದಯ ಕಾಣಬಹುದು. ಗಿಡ್ಡವಾದರೆ ಒಂದೂ ಕಾಣದೆ ಹೋಗಬಹುದು. ಆ ಪಕ್ಷದಲ್ಲಿ ಎರಡೂ ಆದವು. ಬೆಂಗಳೂರಿನ ಸೂರ್ಯೋದಯ ಇಟ್ಟುಕೊಂಡರೆ ಷಷ್ಠಿ ಅಕ್ಟೋಬರ್ 27ಕ್ಕೂ ಸಿಕ್ಕಿತು, 28ಕ್ಕೂ ಸಿಕ್ಕಿತು. ದ್ವಾದಶಿ ಮಾತ್ರ ಯಾವ ಬೆಳಗಿಗೂ ಸಿಗಲಿಲ್ಲ.

ಹಳೆಯ ಪಂಚಾಂಗದಲ್ಲಿ ಇದು ಹೇಗೆ ಕಾಣುತ್ತದೆ ಅನ್ನುವುದನ್ನು ಒಂದು ಸಾಲಿನಲ್ಲಿ ನೋಡಬಹುದು. ಅಲ್ಲಿ ತಿಥಿ ಮುಗಿಯುವ ಹೊತ್ತನ್ನು ಸೂರ್ಯೋದಯದಿಂದ ಎಷ್ಟು ಘಟಿ ಅಂತ ಬರೆಯುತ್ತಾರೆ. ಒಂದು ಘಟಿ 24 ನಿಮಿಷ, ದಿನಕ್ಕೆ 60 ಘಟಿ, ಘಟಿಗೆ 60 ವಿಘಟಿ. ನವೆಂಬರ್ 2ರ ಭಾನುವಾರ ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿದ್ದು ಸುಮಾರು 6:13ಕ್ಕೆ. ಏಕಾದಶಿ ಮುಗಿದದ್ದು 7:31ಕ್ಕೆ. ನಡುವೆ 78 ನಿಮಿಷ, ಅಂದರೆ 3 ಘಟಿ 15 ವಿಘಟಿ. ಅಲ್ಲಿಂದ ದ್ವಾದಶಿ 54 ಘಟಿ ನಡೆಯಿತು. ಕೂಡಿದರೆ 57 ಘಟಿ 15 ವಿಘಟಿ. ಅರವತ್ತು ಮುಟ್ಟಲಿಲ್ಲ. ದ್ವಾದಶಿ ಆ ದಿನದ ಒಳಗೇ ಹುಟ್ಟಿ, ಒಳಗೇ ಮುಗಿಯಿತು. ಗಡಿಯಾರದಲ್ಲಿ ಹೇಳಬೇಕಾದರೆ ಸೋಮವಾರ ನಸುಕಿನ 5:07ಕ್ಕೆ. ಮತ್ತೆ ಸೂರ್ಯ ಹುಟ್ಟುವಷ್ಟರಲ್ಲಿ ತ್ರಯೋದಶಿ. ಹೀಗೆ ಸೂರ್ಯೋದಯವನ್ನೇ ಕಾಣದ ತಿಥಿಗೆ ಕ್ಷಯತಿಥಿ ಅನ್ನುತ್ತಾರೆ. ಮೂರು ತಿಥಿ ಮುಟ್ಟಿದ ಅಂಥ ದಿನಕ್ಕೆ ತ್ರಿಸ್ಪೃಶಾ ಅಂತ ಹೆಸರು.

ಏಕಾದಶಿ ವ್ರತ ಉಪವಾಸದಿಂದ ಮುಗಿಯುವುದಿಲ್ಲ, ಮಾರನೇ ದಿನ ಊಟ ಮಾಡಿ ಉಪವಾಸ ಬಿಡುವ ಪಾರಣೆಯಿಂದ ಮುಗಿಯುತ್ತದೆ. ಪಾರಣೆ ದ್ವಾದಶಿಯಲ್ಲಿ ಆಗಬೇಕು. ಭಾನುವಾರ ಉಪವಾಸ ಇದ್ದರೆ ಸೋಮವಾರ ಬೆಳಿಗ್ಗೆ ಪಾರಣೆಗೆ ದ್ವಾದಶಿಯೇ ಇಲ್ಲ. ಹಾಗಾಗಿ ಸ್ಮಾರ್ತ ಗೃಹಸ್ಥರ ಪಂಚಾಂಗಗಳು ಶನಿವಾರಕ್ಕೇ ಉಪವಾಸ ಹೇಳಿದವು. ಶನಿವಾರ ಬೆಳಿಗ್ಗೆ 9:11ರವರೆಗೆ ದಶಮಿ ಇತ್ತು, ನಿಜ. ಆದರೂ ಭಾನುವಾರ ದ್ವಾದಶಿಯಲ್ಲಿ ಪಾರಣೆ ಸಿಗುತ್ತದಲ್ಲ, ಅದಕ್ಕೆ ಹೆಚ್ಚು ತೂಕ. ಆ ಪಾರಣೆಯನ್ನೂ ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಹಾಗಿರಲಿಲ್ಲ. ದ್ವಾದಶಿಯ ಮೊದಲ ಕಾಲು ಭಾಗ ಹರಿವಾಸರ, ಅಷ್ಟು ಹೊತ್ತು ಊಟವಿಲ್ಲ. 21 ಗಂಟೆ 36 ನಿಮಿಷದ ಕಾಲು ಭಾಗ 5 ಗಂಟೆ 24 ನಿಮಿಷ. 7:31ಕ್ಕೆ ಅದನ್ನು ಕೂಡಿಸಿದರೆ ಮಧ್ಯಾಹ್ನ 12:55. ಅಮ್ಮ ಆ ಭಾನುವಾರ ಎಲೆ ಮುಂದೆ ಕೂತಿದ್ದು ಒಂದೂಕಾಲಿಗೆ.

ಎದುರು ಮನೆ ಅಜ್ಜಿಯ ವೈಷ್ಣವ ಲೆಕ್ಕದಲ್ಲಿ ದಶಮಿಯ ಸೋಂಕು ಕೂಡದು. ಸೂರ್ಯೋದಯಕ್ಕೆ ನಾಲ್ಕು ಘಟಿ ಮೊದಲು, ಅಂದರೆ 96 ನಿಮಿಷ ಮೊದಲು, ಅರುಣೋದಯ. ಆ ಹೊತ್ತಿಗೆ ದಶಮಿ ಇದ್ದರೂ ಆ ದಿನ ಉಪವಾಸಕ್ಕೆ ಬರುವುದಿಲ್ಲ. ಶನಿವಾರ ದಶಮಿ ಸೂರ್ಯೋದಯವನ್ನೂ ದಾಟಿ ನಿಂತಿತ್ತು. ಅಜ್ಜಿಗೆ ಯೋಚನೆ ಮಾಡುವ ಕೆಲಸವೇ ಇರಲಿಲ್ಲ. ಭಾನುವಾರ ಉಪವಾಸ, ಸೋಮವಾರ ಬೆಳಿಗ್ಗೆ ಪಾರಣೆ. ದ್ವಾದಶಿ ಮುಗಿದಿದ್ದರೂ ಸರಿ, ತ್ರಿಸ್ಪೃಶಾ ದಿನದ ಉಪವಾಸ ಅವರಿಗೆ ಇನ್ನೂ ದೊಡ್ಡದು.

ತುಳಸಿ ಹಬ್ಬದ ದಿನ ಈ ಪಾರಣೆಯ ಜೊತೆಗೇ ಕಟ್ಟಿಕೊಂಡಿದೆ. ಪಂಢರಪುರದ ಕಾಶೀನಾಥ ಉಪಾಧ್ಯಾಯರು 18ನೇ ಶತಮಾನದ ಕೊನೆಯಲ್ಲಿ ಬರೆದ ಧರ್ಮಸಿಂಧುವನ್ನು ಇವತ್ತಿಗೂ ನಮ್ಮ ಪುರೋಹಿತರು ಇಂಥ ತೀರ್ಮಾನಕ್ಕೆ ತೆಗೆದು ನೋಡುತ್ತಾರೆ. ಕಾರ್ತಿಕ ಶುದ್ಧ ಏಕಾದಶಿಯಿಂದ ಹುಣ್ಣಿಮೆಯವರೆಗೆ ಯಾವತ್ತಾದರೂ ತುಳಸಿ ವಿವಾಹ ಮಾಡಬಹುದು ಅಂತ ಅದರಲ್ಲಿದೆ. ಆದರೆ ರೂಢಿಯಲ್ಲಿ ಪಾರಣೆಯ ದಿನ, ರಾತ್ರಿಯ ಮೊದಲ ಭಾಗದಲ್ಲಿ, ದೇವರನ್ನು ಎಬ್ಬಿಸುವ ಪ್ರಬೋಧೋತ್ಸವದ ಜೊತೆಗೇ ಮಾಡುತ್ತಾರೆ ಅಂತಲೂ ಅದೇ ಹೇಳುತ್ತದೆ. ನನಗೆ ಈ ಮಾತು ಮುಖ್ಯ ಅನ್ನಿಸುತ್ತದೆ. ಪಾರಣೆ ಎಂದೋ ಅಂದು ಸಂಜೆ ತುಳಸಿ ಕಟ್ಟೆಯ ಮುಂದೆ ದೀಪ. ಉತ್ತರ ಕರ್ನಾಟಕದಲ್ಲಿ ತುಳಸಿ ಲಗ್ನ ಅನ್ನಿ, ನಮ್ಮ ಕಡೆ ತುಳಸಿ ಹಬ್ಬ ಅನ್ನಿ, ಲೆಕ್ಕ ಇದೇ.

ಇದನ್ನು ಹಿಂದಿನ ವರ್ಷದ ಮೇಲಿಟ್ಟು ಪರೀಕ್ಷೆ ಮಾಡೋಣ. 2024ರಲ್ಲಿ ದ್ವಾದಶಿ ಶುರುವಾದದ್ದು ನವೆಂಬರ್ 12, ಮಂಗಳವಾರ ಸಂಜೆ 4:04ಕ್ಕೆ. ಮುಗಿದದ್ದು ಬುಧವಾರ ಮಧ್ಯಾಹ್ನ 1:01ಕ್ಕೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ದ್ವಾದಶಿ ಇದ್ದದ್ದು ಮಂಗಳವಾರ ಮಾತ್ರ. ಹಾಗಾಗಿ "ಮಂಗಳವಾರವೇ ತುಳಸಿ ವಿವಾಹ" ಅಂತ ಕೆಲವರು ಹೇಳಿದರು. ಆದರೆ ಮಂಗಳವಾರ ಎಲ್ಲರಿಗೂ ಏಕಾದಶಿ ಉಪವಾಸ. ಏಕಾದಶಿ ಹಿಂದಿನ ಸಂಜೆಯೇ ಬಂದಿತ್ತು, ದಶಮಿಯ ತಕರಾರೇ ಇರಲಿಲ್ಲ. ಪಾರಣೆ ಬುಧವಾರ ಬೆಳಿಗ್ಗೆ, ದ್ವಾದಶಿಯಲ್ಲೇ. ಕರ್ನಾಟಕದ ಹೆಚ್ಚಿನ ಮನೆಗಳಲ್ಲಿ ಬುಧವಾರ ಸಂಜೆಯೇ ಹಬ್ಬ ಆಯಿತು. ಗಡಿಯಾರದ ಪ್ರಕಾರ ಆಗ ತ್ರಯೋದಶಿ. ಆದರೂ ತಪ್ಪಲ್ಲ. ಸೂರ್ಯೋದಯಕ್ಕೆ ದ್ವಾದಶಿ ಇತ್ತು, ಪಾರಣೆ ಆ ದಿನ ಆಗಿತ್ತು.

2025ರಲ್ಲಿ ಸ್ಮಾರ್ತರಿಗೆ ಕಷ್ಟವೇ ಆಗಲಿಲ್ಲ. ಪಾರಣೆಯೂ ಭಾನುವಾರ, ಸಂಜೆ ದ್ವಾದಶಿಯೂ ಭಾನುವಾರ. ಅಮ್ಮ ಬೆಟ್ಟದ ನೆಲ್ಲಿಕಾಯಿ ಕೊಂಬೆಯನ್ನು ತುಳಸಿ ಪಕ್ಕ ನೆಟ್ಟು, ಎರಡಕ್ಕೂ ಒಂದೇ ಅರಿಶಿನದ ದಾರ ಸುತ್ತಿ, ಸಂಜೆ ಆರಕ್ಕೆ ಆರತಿ ಎತ್ತಿದರು. ಪೇಚು ಬಂದದ್ದು ಭಾನುವಾರ ಉಪವಾಸ ಇದ್ದವರಿಗೆ. ದ್ವಾದಶಿ ಬೇಕೆಂದರೆ ಉಪವಾಸದ ಸಂಜೆಯೇ ಮದುವೆ ಮಾಡಬೇಕು. ಪಾರಣೆಯ ದಿನ ಬೇಕೆಂದರೆ ಸೋಮವಾರ, ತ್ರಯೋದಶಿಯಲ್ಲಿ. ಇಂಥಲ್ಲಿ ಅವರವರ ಮಠದ ಪಂಚಾಂಗ ಏನು ಹೇಳುತ್ತದೋ ಅದನ್ನು ಹಿಡಿಯುವುದೇ ಸರಿ. ಉಪವಾಸಕ್ಕೆ ಒಂದು ಪಂಚಾಂಗ, ತುಳಸಿ ಹಬ್ಬಕ್ಕೆ ಗೋಡೆಯ ಕ್ಯಾಲೆಂಡರು ಅಂತ ಎರಡನ್ನು ಬೆರೆಸಬಾರದು. ಎರಡೂ ಬೇರೆ ಬೇರೆ ನಿಯಮದಿಂದ ಬಂದ ತಾರೀಖುಗಳಾದರೆ, ಪಾರಣೆಗೆ ಮೊದಲೇ ವ್ರತ ಸಮಾಪ್ತಿ ಮಾಡಿದಂತಾಗುತ್ತದೆ.

ಪಂಚಾಂಗಗಳಲ್ಲೂ ಎರಡು ಬಗೆ ಇರುವುದನ್ನು ಮರೆಯಬಾರದು. ಸೂರ್ಯಸಿದ್ಧಾಂತದ ಹಳೆಯ ಲೆಕ್ಕದಲ್ಲಿ ತಿಥಿ 54 ಘಟಿಗಿಂತ ಕಮ್ಮಿ ಆಗುವುದಿಲ್ಲ, 65 ಘಟಿಗಿಂತ ಜಾಸ್ತಿಯೂ ಆಗುವುದಿಲ್ಲ. ಆಕಾಶದಲ್ಲಿ ಚಂದ್ರ ಇರುವ ಜಾಗವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ ದೃಗ್ಗಣಿತದಲ್ಲಿ ಈ ಮಿತಿ ನಿಲ್ಲುವುದಿಲ್ಲ. 2024ರ ಆ ದ್ವಾದಶಿಯನ್ನೇ ನೋಡಿ, 20 ಗಂಟೆ 57 ನಿಮಿಷ. 54 ಘಟಿ ಅಂದರೆ 21 ಗಂಟೆ 36 ನಿಮಿಷ, ಅದಕ್ಕಿಂತ ಇದು ಗಿಡ್ಡ. ನಾನು ಮೇಲೆ ಕೊಟ್ಟ ಹೊತ್ತುಗಳೆಲ್ಲ ದೃಗ್ಗಣಿತದವು. ಎರಡು ಲೆಕ್ಕಗಳ ನಡುವೆ ತಿಥಿ ಮುಗಿಯುವ ಹೊತ್ತಿನಲ್ಲಿ ಕೆಲವು ಸಲ ಗಂಟೆಗಟ್ಟಲೆ ವ್ಯತ್ಯಾಸ ಬರುತ್ತದೆ. ತಿಥಿ ಮಧ್ಯಾಹ್ನ ಮುಗಿಯುವಂತಿದ್ದರೆ ಆ ವ್ಯತ್ಯಾಸ ಯಾರಿಗೂ ತಟ್ಟುವುದಿಲ್ಲ. ಬೆಳಗಿನ ಜಾವ ಮುಗಿಯುವಂತಿದ್ದರೆ ತಾರೀಖೇ ಬದಲಾಗುತ್ತದೆ. 2025ರ ದ್ವಾದಶಿ ಇನ್ನು ಒಂದು ಗಂಟೆ ಹತ್ತು ನಿಮಿಷ ಉಳಿದಿದ್ದರೆ ಸೋಮವಾರದ ಸೂರ್ಯೋದಯ ಕಾಣುತ್ತಿತ್ತು, ಕ್ಷಯವೇ ಇರುತ್ತಿರಲಿಲ್ಲ. ಹಾಗಾಗಿ ಎರಡು ಪಂಚಾಂಗ ಬೇರೆ ತಾರೀಖು ಹೇಳಿದಾಗ ಮೊದಲು ತಿಥಿ ಮುಗಿಯುವ ಹೊತ್ತನ್ನು ನೋಡಿ. ಅದು ಸೂರ್ಯೋದಯದ ಹಿಂದೆ ಮುಂದೆ ಒಂದೆರಡು ಗಂಟೆಯೊಳಗೆ ಇದ್ದರೆ ಜಗಳದ ಬೇರು ಅಲ್ಲೇ ಇದೆ.

ಊರು ಬದಲಾದರೂ ಹೀಗೇ. ನನ್ನ ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ. ಶನಿವಾರ ನಮ್ಮ ರಾತ್ರಿ ಹೊತ್ತಿಗೆ ಫೋನ್ ಮಾಡಿ, "ಇಲ್ಲಿ ನಾನು ಯಾವತ್ತು ಮಾಡಲಿ? ಅಲ್ಲಿ ಎರಡೆರಡು ದಿನ ಅಂತಿದಾರೆ" ಅಂದಳು. ತಿಥಿ ಬದಲಾಗುವ ಕ್ಷಣ ಇಡೀ ಭೂಮಿಗೆ ಒಂದೇ. ಬೇರೆಯಾಗುವುದು ಆ ಕ್ಷಣಕ್ಕೆ ನಿಮ್ಮ ಊರಿನಲ್ಲಿ ಎಷ್ಟು ಹೊತ್ತಾಗಿದೆ ಅನ್ನುವುದು. ಕಾಗದದ ಮೇಲೆ ಬರೆದು ನೋಡಿದೆವು. ನಮ್ಮ ಶನಿವಾರ ಬೆಳಗಿನ 9:11 ಅವಳಿಗೆ ಶುಕ್ರವಾರ ರಾತ್ರಿ 11:41. ಅಂದರೆ ಅವಳ ಶನಿವಾರದ ಅರುಣೋದಯಕ್ಕೆ ದಶಮಿ ಯಾವಾಗಲೋ ಮುಗಿದಿದೆ. ನಮ್ಮ ಭಾನುವಾರದ 7:31 ಅವಳಿಗೆ ಶನಿವಾರ ರಾತ್ರಿ 10:01. ಅಲ್ಲಿಗೆ ಭಾನುವಾರದ ಸೂರ್ಯೋದಯಕ್ಕೆ ಅವಳಿಗೆ ದ್ವಾದಶಿ ಸಿಕ್ಕಿತು. ನಮ್ಮಲ್ಲಿ ಕ್ಷಯವಾದ ತಿಥಿ ಅವಳಲ್ಲಿ ಕ್ಷಯವಲ್ಲ.

ಒಂದು ಕಡೆ ಮಾತ್ರ ಎಡವುತ್ತಿದ್ದೆವು. ಆ ಭಾನುವಾರ ನಸುಕಿನಲ್ಲಿ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ಶನಿವಾರದವರೆಗೆ ನಮಗೂ ಅವಳಿಗೂ ಒಂಬತ್ತೂವರೆ ಗಂಟೆ ಅಂತರ, ಭಾನುವಾರದಿಂದ ಹತ್ತೂವರೆ. ದ್ವಾದಶಿ ಮುಗಿಯುವ ನಮ್ಮ ಸೋಮವಾರದ 5:07ರಿಂದ ಸುಮ್ನೆ ಒಂಬತ್ತೂವರೆ ಕಳೆದಿದ್ದರೆ ಭಾನುವಾರ ಸಂಜೆ 7:37 ಬರುತ್ತಿತ್ತು. ಸರಿಯಾದದ್ದು 6:37. ಅವಳ ಊರಿನಲ್ಲಿ ಅವತ್ತು ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ದೀಪಕ್ಕೆ ಒಂದೂವರೆ ಗಂಟೆಗಿಂತ ಜಾಸ್ತಿ ಹೊತ್ತು ಸಿಗುತ್ತದೆ.

ಬೆಂಗಳೂರಿನ ನಮ್ಮ ಬೀದಿಯಲ್ಲಿ ಎರಡು ಮನೆಗೆ ಎರಡು ದಿನವಾದ ಉಪವಾಸ, ನ್ಯೂಜೆರ್ಸಿಯಲ್ಲಿ ಸ್ಮಾರ್ತರಿಗೂ ವೈಷ್ಣವರಿಗೂ ಶನಿವಾರ ಒಂದೇ ದಿನ ಬಿತ್ತು. ಭಾನುವಾರ ಬೆಳಿಗ್ಗೆ ಪಾರಣೆ. ಸಂಜೆ ಐದೂವರೆಗೆ ಅಕ್ಕ ವಿಡಿಯೋ ಕಾಲ್ ಮಾಡಿದಳು. ಚಳಿಗೆ ಬಾಡದಿರಲಿ ಅಂತ ಅಡುಗೆಮನೆ ಕಿಟಕಿಯ ಹತ್ತಿರ ಇಟ್ಟಿದ್ದ ಕುಂಡದ ತುಳಸಿಗೆ ಅರಿಶಿನ ಕುಂಕುಮ ಹಚ್ಚಿದ್ದಳು. ನೆಲ್ಲಿ ಕೊಂಬೆ ಸಿಕ್ಕಿರಲಿಲ್ಲ, ಇಂಡಿಯನ್ ಅಂಗಡಿಯಿಂದ ತಂದ ಎರಡು ನೆಲ್ಲಿಕಾಯಿ ಬುಡದಲ್ಲಿದ್ದವು. ನಮ್ಮಲ್ಲಿ ಆಗ ಸೋಮವಾರ ಬೆಳಗಿನ ಜಾವ ನಾಲ್ಕು ಗಂಟೆ. ಅಮ್ಮ ಎದ್ದು ಕೂತು ಫೋನಿನಲ್ಲಿ ಆರತಿ ನೋಡಿದರು. "ಇಲ್ಲೂ ಇನ್ನೂ ದ್ವಾದಶಿ ಇದೆಯಲ್ಲ" ಅಂದರು.